ಮದುವೆ ಮುಗಿಯಿತು, ಮಗಳ ಫೋಟೋ ಇನ್ನೂ ಅಲ್ಲೇ ಇದೆ!

ಹಿಂದೆ ಮಗಳ ಮದುವೆ ನಿಶ್ಚಯವಾಯಿತೆಂದರೆ ಅಮ್ಮಂದಿರು ಮರೆಯದೆ ಮಾಡುತ್ತಿದ್ದ ಒಂದು ಸಣ್ಣ ಕೆಲಸವಿತ್ತು. ಸಂಬಂಧ ಹುಡುಕಲು ಓಡಾಡುತ್ತಿದ್ದ ಬ್ರೋಕರನ್ನು ಮನೆಗೆ ಕರೆದು, ಒಂದು ಲೋಟ ಕಾಫಿ ಕೊಟ್ಟು, ಅವರ ಚೀಲದಲ್ಲಿದ್ದ ಮಗಳ ಫೋಟೋ ಮತ್ತು ಜಾತಕದ ಪ್ರತಿಗಳನ್ನು ವಾಪಸು ಇಸಿದುಕೊಳ್ಳುವುದು. ಎಷ್ಟು ಪ್ರತಿ ಕೊಟ್ಟಿದ್ದೆವು, ಎಷ್ಟು ಬಂತು ಎಂದು ಎಣಿಸಿಯೂ ನೋಡುತ್ತಿದ್ದರು. ಮದುವೆಯಾಗುವ ಹುಡುಗಿಯ ಫೋಟೋ ಯಾರ್ಯಾರದೋ ಚೀಲದಲ್ಲಿ ತಿರುಗಾಡಬಾರದು ಎಂಬ ಎಚ್ಚರ ಅದು.

ಈಗ ಚೀಲದ ಜಾಗಕ್ಕೆ ಕಂಪನಿ ಬಂದಿದೆ. ವಧೂವರರ ಮಾಹಿತಿ ಸೇವೆಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ನಾವು ಹೆಸರು, ಗೋತ್ರ, ನಕ್ಷತ್ರ, ಎತ್ತರ, ಸಂಬಳ, ಫೋನ್ ನಂಬರು, ನಾಲ್ಕು ಭಂಗಿಯ ಫೋಟೋ ಎಲ್ಲವನ್ನೂ ಸಂತೋಷವಾಗಿ ಕೊಡುತ್ತೇವೆ. ವಾಪಸು ಕೇಳುವುದು ಮಾತ್ರ ಮರೆತೇಹೋಗುತ್ತದೆ. ಕೇಳಿದವರಿಗಾದರೂ ಸರಿಯಾದ ಉತ್ತರ ಸಿಗುತ್ತದೆಯೇ? ನಮ್ಮ ಹಿಂದಿನ ಬೀದಿಯ ಗೆಳತಿಯೊಬ್ಬರ ಅನುಭವ ಕೇಳಿ. ಅವರ ನಿಜ ಹೆಸರು ಬೇಡ, ಗಿರಿಜಮ್ಮ ಎಂದಿಟ್ಟುಕೊಳ್ಳೋಣ.

ಗಿರಿಜಮ್ಮ 2024ರ ಆಗಸ್ಟ್‌ನಲ್ಲಿ ಇಂಥ ಒಂದು ಕಂಪನಿಗೆ ಮಗಳ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿದರು. ಶುಲ್ಕ 4,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. 720, ಒಟ್ಟು 4,720. ಪುಣ್ಯಕ್ಕೆ ಮೂರೇ ತಿಂಗಳಲ್ಲಿ ಒಳ್ಳೆಯ ಸಂಬಂಧ ಕೂಡಿಬಂತು, ಅದೂ ಕಂಪನಿಯ ಮೂಲಕವಲ್ಲ, ಸೋದರತ್ತೆಯ ಮೂಲಕ! ನಿಶ್ಚಿತಾರ್ಥದ ಮರುದಿನವೇ ಕಂಪನಿಗೆ ಫೋನು ಮಾಡಿ "ನಮಗೆ ಸಾಕಪ್ಪ, ತೆಗೆದುಬಿಡಿ" ಎಂದರು. ಆ ಕಡೆಯ ಹುಡುಗಿ "ಆಯ್ತು ಮೇಡಂ, ತೆಗೆದಿದ್ದೇವೆ, ಕಂಗ್ರಾಜುಲೇಷನ್ಸ್" ಎಂದಳು. 2025ರ ಫೆಬ್ರವರಿಯಲ್ಲಿ ಮದುವೆ ಆಯಿತು.

ಮೇ ತಿಂಗಳಲ್ಲಿ ಒಂದು ಸಂಜೆ ಗಿರಿಜಮ್ಮ ಮುಖ ಸಣ್ಣದು ಮಾಡಿಕೊಂಡು ಬಂದರು. "ಏನ್ ಹೇಳ್ಲಿ ರೀ, ನನ್ನ ಮಗಳ ಅತ್ತೆ ಮನೆಗೇ ಯಾರೋ ಒಂದು ಪ್ರೊಫೈಲ್ ತೋರಿಸಿದಾರೆ. ‘ನಿಮ್ಮ ಸೊಸೆ ಥರಾನೇ ಇದಾಳಲ್ಲ’ ಅಂತ. ನೋಡಿದ್ರೆ ಅವಳೇ! ಇನ್ನೂ ವರ ನೋಡ್ತಿದಾರೆ ಅಂತ ಬರೆದಿದೆ. ಬೀಗಿತ್ತಿ ಒಳ್ಳೆಯವರು, ನಕ್ಕು ಸುಮ್ಮನಾದ್ರು. ಬೇರೆಯವರಾಗಿದ್ರೆ?"

ಇಬ್ಬರೂ ಕೂತು ಕಂಪ್ಯೂಟರಿನಲ್ಲಿ ನೋಡಿದೆವು. ಹಳೆಯ ಪಾಸ್‌ವರ್ಡ್ ಹಾಕಿದ ಕೂಡಲೇ ಬಾಗಿಲು ತೆರೆಯಿತು. ಒಳಗೆ ಎಲ್ಲವೂ ಇಟ್ಟ ಹಾಗೇ ಇದೆ, ಜಾತಕವೂ ಸೇರಿ. ಫೋನಿನಲ್ಲಿ "ತೆಗೆದಿದ್ದೇವೆ" ಎಂದವರು ಮಾಡಿದ್ದು ‘ಹೈಡ್’ ಮಾತ್ರ, ಅಂದರೆ ಪರದೆ ಎಳೆದಿದ್ದರು. ಆ ಪರದೆಗೂ ಒಂದು ಅವಧಿ ಇತ್ತು, ಅದು ಮುಗಿದ ಕೂಡಲೇ ಫೋಟೋ ಮತ್ತೆ ಎಲ್ಲರ ಕಣ್ಣಿಗೆ ಬಿದ್ದಿತ್ತು. ಇಂಥ ಸೇವೆಗಳಲ್ಲಿ ಮರೆಮಾಡುವುದು, ಸದಸ್ಯತ್ವ ನಿಲ್ಲಿಸುವುದು, ವಿವರ ಅಳಿಸುವುದು ಈ ಮೂರೂ ಬೇರೆ ಬೇರೆ. ಸದಸ್ಯತ್ವ ನಿಲ್ಲಿಸಿದರೆ ಹಣದ ಲೆಕ್ಕ ನಿಂತಿತು ಅಷ್ಟೇ, ಫೋಟೋ ಇದ್ದಲ್ಲೇ ಇರುತ್ತದೆ. ಹಳೆಯ ಪಾಸ್‌ವರ್ಡಿನಿಂದ ಒಳಹೋಗಿ ಎಲ್ಲವೂ ಕಂಡರೆ ಏನೂ ಅಳಿಸಿಲ್ಲ ಎಂದೇ ತಿಳಿಯಿರಿ.

ಫೋನಿನ ಮಾತು ಫೋನಿನಲ್ಲೇ ಹೋಗುತ್ತದೆ, ಪತ್ರವೇ ಬರೆಯಬೇಕು ಎಂದು ನಿಶ್ಚಯಿಸಿದೆವು. ಯಾರಿಗೆ ಬರೆಯುವುದು? ಸದಸ್ಯರನ್ನು ನೋಂದಾಯಿಸಿಕೊಂಡು ಅವರವರ ವಿವರ ಒಬ್ಬರಿಗೊಬ್ಬರು ನೋಡಲು ಒದಗಿಸುವ ಇಂಥ ಕಂಪನಿಗಳು, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಗ್ರೀವೆನ್ಸ್ ಆಫೀಸರ್ ಎಂಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರ ಹೆಸರು ಮತ್ತು ಸಂಪರ್ಕವನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ದೂರು ಬಂದ 24 ಗಂಟೆಯೊಳಗೆ ಬಂದಿದೆ ಎಂದು ತಿಳಿಸಬೇಕು. ಈ ಹೆಸರು ಮೊದಲ ಪುಟದಲ್ಲಿ ಇರುವುದಿಲ್ಲ. ಪುಟದ ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಪ್ರೈವಸಿ ಪಾಲಿಸಿ’ ಎಂದಿರುತ್ತದಲ್ಲ, ಅದರ ಕೊನೆಯಲ್ಲಿ ಹುಡುಕಿ.

ಗಿರಿಜಮ್ಮ ತಾವೇ ಬರೆಯಲು ಹೊರಟರು. ನಾನು ತಡೆದೆ. ಸದಸ್ಯತ್ವ ಮಾಡಿಸಿದ್ದು, ಹಣ ಕೊಟ್ಟದ್ದು ತಾಯಿ, ನಿಜ. ಆದರೆ ಫೋಟೋ, ಜಾತಕ, ಸಂಬಳ ಎಲ್ಲಾ ಮಗಳದು. ಹದಿನೆಂಟು ತುಂಬಿದ ಮಗಳ ವಿವರಕ್ಕೆ ಮಗಳೇ ಒಡತಿ, ತಾಯಿ ಬರೆದರೆ "ನೀವು ಯಾರು?" ಎಂದು ಕೇಳಿ ಹದಿನೈದು ದಿನ ತಳ್ಳುತ್ತಾರೆ. ಆದ್ದರಿಂದ ಮಗಳೇ, ನೋಂದಾಯಿಸಿದ ಈಮೇಲಿನಿಂದಲೇ ಬರೆದಳು.

ಕಳಿಸುವ ಮೊದಲು ಎರಡು ಕೆಲಸ ಮಾಡಿದೆವು. ಸದಸ್ಯತ್ವದ ರಸೀದಿಯನ್ನೂ, ಪ್ರೊಫೈಲ್ ಸಂಖ್ಯೆ ಕಾಣುವ ಪುಟದ ಚಿತ್ರವನ್ನೂ ತೆಗೆದಿಟ್ಟುಕೊಂಡೆವು. ಅಳಿಸಿದ ಮೇಲೆ ನಮ್ಮ ಕೈಗೂ ಅದು ಸಿಗುವುದಿಲ್ಲ, ನಾಳೆ ಹಣದ ತಕರಾರು ಬಂದರೆ ಆಧಾರ ಬೇಕಲ್ಲ. ಎರಡನೆಯದು, ಹಣ ತಾನಾಗಿಯೇ ಕಡಿತವಾಗುವ ಆಟೋಪೇ ಇದೆಯೇ ಎಂದು ಬ್ಯಾಂಕಿನ ಕಡೆಯಿಂದ ನೋಡಿದೆವು. ವಿವರ ಅಳಿಸಿದರೆ ಅದು ತಾನೇ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ. ಅದನ್ನು ಬೇರೆಯಾಗಿಯೇ ರದ್ದು ಮಾಡಬೇಕು.

2025ರ ಜೂನ್ 2ರಂದು ಕಳಿಸಿದ ಪತ್ರದ ಸಾರಾಂಶ ಹೀಗಿತ್ತು. ನಿಮಗೂ ಬೇಕಾಗಬಹುದು, ಬದಲಾಯಿಸಿಕೊಂಡು ಬಳಸಿ:

"ಮಾನ್ಯರೇ, ನನ್ನ ಪ್ರೊಫೈಲ್ ಸಂಖ್ಯೆ ಇಂಥದ್ದು. ಸದಸ್ಯತ್ವವನ್ನು ಇಂದಿನಿಂದ ರದ್ದು ಮಾಡಿ, ರದ್ದಾದ ತಾರೀಖನ್ನು ಬರಹದಲ್ಲಿ ತಿಳಿಸಿ. ನನ್ನ ವಿವರಗಳನ್ನು ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದೇನೆ. ಮೊದಲಿಗೆ, ನನ್ನ ವಿವರಗಳನ್ನು ಯಾವ ಯಾವ ಸಂಸ್ಥೆಗಳಿಗೆ ಕೊಟ್ಟಿದ್ದೀರಿ ಎಂದು ಹೆಸರು ಸಹಿತ ತಿಳಿಸಿ. ನಂತರ ನನ್ನ ಫೋಟೋ, ಜಾತಕ, ಕುಟುಂಬ, ಉದ್ಯೋಗ, ಸಂಬಳದ ವಿವರ, ಫೋನ್ ನಂಬರು, ಸಂದೇಶಗಳನ್ನು ನಿಮ್ಮಲ್ಲೂ, ನಿಮ್ಮ ಸೋದರ ಜಾಲತಾಣಗಳಲ್ಲೂ, ನಿಮ್ಮ ಪರವಾಗಿ ಕೆಲಸ ಮಾಡುವವರಲ್ಲೂ ಅಳಿಸಿ. ಕಾನೂನಿನ ಕಾರಣಕ್ಕೆ ಏನನ್ನಾದರೂ ಇಟ್ಟುಕೊಳ್ಳುವುದಾದರೆ ಯಾವ ವಿವರ, ಯಾವ ಕಾನೂನು, ಎಷ್ಟು ಕಾಲ ಎಂದು ಬಿಡಿಬಿಡಿಯಾಗಿ ತಿಳಿಸಿ."

ಯಾರಿಗೆ ಕೊಟ್ಟಿದ್ದೀರಿ ಎಂಬ ಪ್ರಶ್ನೆ ಅಳಿಸುವ ಮಾತಿಗಿಂತ ಮೊದಲು ಬಂದದ್ದನ್ನು ಗಮನಿಸಿದಿರಾ? ನಿಶ್ಚಿತಾರ್ಥ ಆದಾಗಿನಿಂದ ಗಿರಿಜಮ್ಮನ ಮನೆಗೆ ಕಲ್ಯಾಣ ಮಂಟಪದವರು, ಫೋಟೋ ಸ್ಟುಡಿಯೋದವರು, ಅಡುಗೆ ಕಾಂಟ್ರಾಕ್ಟರು ಒಬ್ಬರಾದ ಮೇಲೆ ಒಬ್ಬರು ಫೋನು ಮಾಡುತ್ತಿದ್ದರು. ನಂಬರು ಎಲ್ಲಿಂದಲೋ ಹೋಗಿರಬೇಕಲ್ಲ. ಎಲ್ಲಾ ಅಳಿಸಿ ಆದ ಮೇಲೆ ಕೇಳಿದರೆ "ನಿಮ್ಮ ಬಗ್ಗೆ ನಮ್ಮಲ್ಲಿ ಏನೂ ಇಲ್ಲವಲ್ಲ ಮೇಡಂ" ಎಂದು ಕೈ ತೊಳೆದುಕೊಳ್ಳಬಹುದು!

ಎಂಟು ದಿನದ ಮೇಲೆ ಉತ್ತರ ಬಂತು, ಇಂಗ್ಲಿಷಿನಲ್ಲಿ, ಮೂರೇ ಸಾಲು. ಸದಸ್ಯತ್ವ ಜೂನ್ 2ರಂದು ರದ್ದಾಗಿದೆ, ಆದರೆ ಕಾನೂನಿನ ಪ್ರಕಾರ ಗ್ರಾಹಕರ ದಾಖಲೆಗಳನ್ನು ಎಂಟು ವರ್ಷ ಇಡಲೇಬೇಕು, ಆದ್ದರಿಂದ ಅಳಿಸಲು ಸಾಧ್ಯವಿಲ್ಲ, ದಯವಿಟ್ಟು ಸಹಕರಿಸಿ.

"ಎಂಟು ವರ್ಷ! ಅಷ್ಟರಲ್ಲಿ ಮೊಮ್ಮಗು ಸ್ಕೂಲಿಗೆ ಹೋಗ್ತಿರತ್ತೆ" ಎಂದು ಗಿರಿಜಮ್ಮ ಸೋತು ಕುಳಿತರು. ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ಕಾನೂನು ಎಂದ ಮೇಲೆ ನಾವೇನು ಮಾಡಲಾದೀತು ಎಂದು. ಆದರೆ ಆ ಮೂರು ಸಾಲಿನಲ್ಲಿ ಅರ್ಧ ನಿಜ, ಅರ್ಧ ಸೋಮಾರಿತನ. ಬಿಡಿಸಿ ನೋಡೋಣ.

ಸೀರೆ ಅಂಗಡಿಯಲ್ಲಿ ಸೀರೆ ವಾಪಸು ಕೊಟ್ಟರೂ ಬಿಲ್ ಪುಸ್ತಕದ ಕಾರ್ಬನ್ ಪ್ರತಿ ಅಂಗಡಿಯವನ ಹತ್ತಿರವೇ ಉಳಿಯುತ್ತದೆ, ಅಲ್ಲವೇ? ಅದನ್ನು ಹರಿದು ಕೊಡು ಎಂದು ನಾವು ಕೇಳುವುದಿಲ್ಲ, ಅವನೂ ಕೊಡಲಾರ. ಇಲ್ಲೂ ಹಾಗೆಯೇ. ಕಂಪನಿ ಕಾಯಿದೆ 2013ರ 128ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕಗಳನ್ನೂ ಅವುಗಳಿಗೆ ಸಂಬಂಧಿಸಿದ ವೋಚರುಗಳನ್ನೂ ಹಿಂದಿನ ಎಂಟು ಹಣಕಾಸು ವರ್ಷಗಳದ್ದು ಇಟ್ಟಿರಬೇಕು. ಗಿರಿಜಮ್ಮ ಹಣ ಕೊಟ್ಟದ್ದು 2024-25ರಲ್ಲಿ. ಆ ವರ್ಷದ ಲೆಕ್ಕವನ್ನು 2033ರ ಮಾರ್ಚ್ 31ರ ತನಕ ಇಡಬೇಕಾಗುತ್ತದೆ. ಜಿ.ಎಸ್.ಟಿ. ಕಾನೂನಿನ ಲೆಕ್ಕ ಸ್ವಲ್ಪ ಬೇರೆ. ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಕೊನೆಯ ದಿನದಿಂದ 72 ತಿಂಗಳು. 2024-25ಕ್ಕೆ ಕೊನೆಯ ದಿನ 2025ರ ಡಿಸೆಂಬರ್ 31, ಅಲ್ಲಿಂದ ಆರು ವರ್ಷ ಎಂದರೆ 2031ರ ಡಿಸೆಂಬರ್ ಕೊನೆ. ಆದ್ದರಿಂದ ಎಂಟು ವರ್ಷ ಎಂದದ್ದು ಕಂಪನಿ ಹೊಸೆದ ಸುಳ್ಳಲ್ಲ.

ಆದರೆ ಏನನ್ನು ಎಂಟು ವರ್ಷ? ಬಿಲ್ಲನ್ನು! ಇಂಥವರ ಹೆಸರು, ಇಂಥ ತಾರೀಖು, ಇಷ್ಟು ಮೊತ್ತ, ಇಷ್ಟು ತೆರಿಗೆ, ಯಾವ ರಾಜ್ಯ, ಹಣ ಬಂದ ಬಗೆ, ಅಷ್ಟೇ. ಅನೂರಾಧಾ ನಕ್ಷತ್ರವೋ ಚಿತ್ತಾ ನಕ್ಷತ್ರವೋ ಎಂದು ತೆರಿಗೆ ಇಲಾಖೆಯವರು ಕೇಳುವುದಿಲ್ಲ. ಹಸಿರು ರೇಷ್ಮೆ ಸೀರೆ ಉಟ್ಟು ಕಂಬಕ್ಕೆ ಒರಗಿ ನಿಂತ ಫೋಟೋ ಲೆಕ್ಕಪತ್ರದ ವೋಚರ್ ಅಲ್ಲ. ಕಾನೂನು ಉಳಿಸಿಕೊಳ್ಳಲು ಹೇಳುವುದು ಒಂದು ಹಾಳೆಯನ್ನು, ಕಂಪನಿ ಅದನ್ನು ನೆಪ ಮಾಡಿಕೊಂಡು ಉಳಿಸಿಕೊಳ್ಳುವುದು ಇಡೀ ಕಡತವನ್ನು.

ಎರಡನೆಯ ಅವಧಿಯೊಂದಿದೆ, ಕಂಪನಿ ಅದನ್ನು ಹೇಳಲೇ ಇಲ್ಲ. ಮೇಲೆ ಹೇಳಿದ 2021ರ ನಿಯಮಗಳಲ್ಲೇ, ಸದಸ್ಯರು ನೋಂದಣಿ ರದ್ದು ಮಾಡಿದ ಮೇಲೂ ನೋಂದಣಿಗಾಗಿ ಪಡೆದ ಮಾಹಿತಿಯನ್ನು 180 ದಿನ ಇಟ್ಟುಕೊಳ್ಳಬೇಕು ಎಂದಿದೆ. ಮೊದಲ ಸಲ ಓದಿದಾಗ ನನಗೂ ಸಿಟ್ಟು ಬಂತು, ಅಳಿಸಿ ಎಂದರೆ ಇಟ್ಟುಕೋ ಎನ್ನುತ್ತದಲ್ಲ ಈ ನಿಯಮ ಎಂದು. ಆಮೇಲೆ ಇನ್ನೊಂದು ಕಡೆಯಿಂದ ಯೋಚಿಸಿದೆ. ಸುಳ್ಳು ಹೆಸರಿನಲ್ಲಿ ಪ್ರೊಫೈಲ್ ಮಾಡಿ, ಹುಡುಗಿಯರನ್ನು ನಂಬಿಸಿ, ಹಣ ಕಿತ್ತು, ಮರುದಿನವೇ ಎಲ್ಲ ಅಳಿಸಿ ಪರಾರಿಯಾಗುವವರಿಲ್ಲವೇ? ಅಂಥವನ ಫೋನ್ ನಂಬರು, ಈಮೇಲು ಆರು ತಿಂಗಳಾದರೂ ಉಳಿದಿದ್ದರೆ ಪೊಲೀಸರಿಗೆ ಒಂದು ಎಳೆ ಸಿಗುತ್ತದೆ. ಹಾಗಾಗಿ ನಿಮಗೇ ಮೋಸವಾಗಿದ್ದರೆ, ಅಥವಾ ಹಣ ವಾಪಸಿನ ಜಗಳ ನಡೆಯುತ್ತಿದ್ದರೆ, ದಯವಿಟ್ಟು ಅವಸರದಲ್ಲಿ ನಿಮ್ಮ ವಿವರ ಅಳಿಸಲು ಬರೆಯಬೇಡಿ. ಆ ಮಾತುಕತೆಯ ಸಂದೇಶಗಳೇ ನಿಮ್ಮ ಸಾಕ್ಷಿ. ಮೊದಲು ಅವುಗಳ ಪ್ರತಿ ತೆಗೆದಿಟ್ಟು, ಹಣ ಹೋಗಿದ್ದರೆ 1930ಕ್ಕೆ ಫೋನು ಮಾಡಿ ಸೈಬರ್ ದೂರು ಕೊಡಿ. ಅಳಿಸುವ ಮಾತು ಆಮೇಲೆ.

ಈ 180 ದಿನ ಎಲ್ಲಿಂದ ಶುರು? ರದ್ದಾದ ದಿನದಿಂದ. ಗಿರಿಜಮ್ಮ ನಿಶ್ಚಿತಾರ್ಥದ ಮರುದಿನ ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ. ಕಂಪನಿ ಬರಹದಲ್ಲಿ ಒಪ್ಪಿದ್ದು ಜೂನ್ 2. ಆದ್ದರಿಂದ 2025ರ ನವೆಂಬರ್ 29ಕ್ಕೆ 180 ದಿನ ಮುಗಿಯುತ್ತದೆ. ಫೋನಿನ ಬದಲು ಅಂದೇ ಒಂದು ಸಾಲು ಬರೆದಿದ್ದರೆ ಆರು ತಿಂಗಳಿಗೂ ಹೆಚ್ಚು ಕಾಲ ಉಳಿಯುತ್ತಿತ್ತು! ಇನ್ನೊಂದು ಮಾತು, ಈ ಅವಧಿಯಲ್ಲಿ ವಿವರ ಒಳಗೆ ಬೀಗ ಹಾಕಿ ಇಟ್ಟಿರಬಹುದು, ಹೊರಗೆ ತೋರಿಸುವಂತಿಲ್ಲ. ಇಡುವುದಕ್ಕೂ ಪ್ರದರ್ಶಿಸುವುದಕ್ಕೂ ವ್ಯತ್ಯಾಸ ಇಲ್ಲವೇ?

ಕಾರ್ಡಿನ ನಂಬರಿನ ಚಿಂತೆಯೂ ಗಿರಿಜಮ್ಮನಿಗಿತ್ತು. ಅದರ ಮಟ್ಟಿಗೆ ರಿಸರ್ವ್ ಬ್ಯಾಂಕ್ ಕೆಲಸ ಸುಲಭ ಮಾಡಿದೆ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡಿನ ಪೂರ್ತಿ ನಂಬರನ್ನು ಇಟ್ಟುಕೊಳ್ಳುವಂತಿಲ್ಲ. ಕೊನೆಯ ನಾಲ್ಕು ಅಂಕೆ ಮತ್ತು ಬ್ಯಾಂಕಿನ ಹೆಸರು ಕಂಡರೆ ಗಾಬರಿ ಬೇಡ.

ಇದೇ ಪತ್ರವನ್ನು ಬ್ಯಾಂಕಿಗೆ ಬರೆದರೆ ಮಾತ್ರ ನಡೆಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕಪ್ಪುಹಣ ತಡೆ ಕಾನೂನಿನ ಪ್ರಕಾರ ಬ್ಯಾಂಕುಗಳು ನಿಮ್ಮ ಗುರುತಿನ ಕಾಗದಗಳನ್ನು ಖಾತೆ ಮುಚ್ಚಿದ ಮೇಲೂ ಐದು ವರ್ಷ ಇಡಬೇಕು. ಅಲ್ಲಿ ಕಾನೂನು ಗುರುತಿನ ದಾಖಲೆಯನ್ನೇ ಇಡು ಎನ್ನುತ್ತದೆ, ವಧೂವರರ ಕಂಪನಿಗೆ ಹಾಗೆ ಹೇಳಿಲ್ಲ. ಯಾರು ಕಾನೂನಿನ ಹೆಸರು ಹೇಳಿದರೂ, ಅದು ಯಾವ ಕಾಗದದ ಬಗ್ಗೆ ಹೇಳುತ್ತದೆ ಎಂದು ಕೇಳಬೇಕಾದದ್ದು ಇದಕ್ಕೇ.

ಮಗಳು ಎರಡನೆಯ ಪತ್ರ ಬರೆದಳು. ರಸೀದಿಯ ಪ್ರತಿಯನ್ನು ಕಾನೂನಿನ ಅವಧಿ ಮುಗಿಯುವ ತನಕ ಇಟ್ಟುಕೊಳ್ಳಲು ನನ್ನ ಆಕ್ಷೇಪಣೆ ಇಲ್ಲ, ನೋಂದಣಿ ಮಾಹಿತಿಯನ್ನು ನವೆಂಬರ್ 29ರ ತನಕ ಇಡಿ, ಫೋಟೋ ಜಾತಕಗಳನ್ನು ಯಾವ ಸೆಕ್ಷನ್ ಪ್ರಕಾರ ಇಟ್ಟಿದ್ದೀರಿ ತಿಳಿಸಿ ಎಂದು. ಈ ಸಲ ಧಾಟಿ ಬದಲಾಯಿತು. ಕೊಡಬೇಕಾದದ್ದನ್ನು ನಾವಾಗಿಯೇ ಒಪ್ಪಿಕೊಂಡದ್ದರಿಂದ ಉಳಿದದ್ದಕ್ಕೆ ನೆಪ ಸಿಗಲಿಲ್ಲ ಎಂದು ನನ್ನ ಅನಿಸಿಕೆ. ಗುರುತಿಗಾಗಿ ಆಧಾರ್ ಕಾರ್ಡಿನ ಪ್ರತಿ ಕಳಿಸಿ ಎಂದರು. ನೋಡಿ ತಮಾಷೆ, ವಿವರ ಅಳಿಸಿ ಎಂದರೆ ಇನ್ನೊಂದು ವಿವರ ಕೊಡಿ ಎನ್ನುತ್ತಾರೆ! ನೋಂದಾಯಿಸಿದ ಫೋನಿಗೆ ಓ.ಟಿ.ಪಿ. ಕಳಿಸಿ ಖಚಿತ ಮಾಡಿಕೊಳ್ಳಿ ಎಂದು ಬರೆದಾಗ ಒಪ್ಪಿದರು. ಒಪ್ಪದಿದ್ದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದಿತ್ತು.

ಜೂನ್ ಕೊನೆಯ ಹೊತ್ತಿಗೆ ಫೋಟೋ, ಜಾತಕ ಅಳಿಸಿದ್ದೇವೆ ಎಂಬ ಪತ್ರ ಬಂತು. ಪತ್ರ ಬಂದ ಮಾತ್ರಕ್ಕೆ ನಂಬಲಿಲ್ಲ. ಬೇರೊಬ್ಬ ಗೆಳತಿಯ ಖಾತೆಯಿಂದ ಹುಡುಕಿಸಿದೆವು. ದೊಡ್ಡ ಜಾಲತಾಣದಲ್ಲಿ ಇರಲಿಲ್ಲ, ಆದರೆ ಅದೇ ಕಂಪನಿ ಜಾತಿವಾರು ನಡೆಸುವ ಇನ್ನೊಂದು ಜಾಲತಾಣದಲ್ಲಿ ಹಸಿರು ಸೀರೆಯ ಹುಡುಗಿ ಕಂಬಕ್ಕೆ ಒರಗಿ ನಿಂತೇ ಇದ್ದಳು. ಸೋದರ ಜಾಲತಾಣ ಎಂದು ಮೊದಲ ಪತ್ರದಲ್ಲೇ ಬರೆದಿದ್ದು ಆಗ ಕೆಲಸಕ್ಕೆ ಬಂತು. ಪುಟದ ಚಿತ್ರ ಲಗತ್ತಿಸಿ ಬರೆದ ಎರಡು ದಿನದಲ್ಲಿ ಅದೂ ಹೋಯಿತು. ಯಾರಿಗೆ ಕೊಟ್ಟಿದ್ದೀರಿ ಎಂಬ ಪ್ರಶ್ನೆಗೆ ಮಾತ್ರ "ನಮ್ಮ ವ್ಯವಹಾರ ಪಾಲುದಾರರಿಗೆ" ಎಂದಷ್ಟೇ ಉತ್ತರ. ಹೆಸರು ಹೇಳಲಿಲ್ಲ, ಹೇಳಿಸುವ ಬಲವೂ ಆಗ ನಮಗಿರಲಿಲ್ಲ.

ಆ ಬಲ ಕೊಡುವ ಕಾನೂನು ಬಂದಿದೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಎಂದು ಅದರ ಉದ್ದ ಹೆಸರು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಅವು ಜಾರಿಗೆ ಬರುವ ಕಾಲ 2027ರ ಮೇ ಮಧ್ಯಭಾಗ. ಅದರ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆಯುವುದೂ ಅಷ್ಟೇ ಸುಲಭವಾಗಿರಬೇಕು. ಹಿಂತೆಗೆದ ಮೇಲೆ, ಬೇರೆ ಕಾನೂನು ಇಡಲು ಹೇಳಿದ್ದನ್ನು ಬಿಟ್ಟು ಉಳಿದದ್ದನ್ನು ಅಳಿಸಬೇಕು. ವಿವರ ಹಂಚಿಕೊಂಡವರ ಗುರುತನ್ನು ಕೇಳಿದರೆ ಹೇಳಬೇಕು. ಕಾನೂನು ಬರುವ ಮೊದಲೇ ಕೊಟ್ಟ ಒಪ್ಪಿಗೆಯನ್ನೂ ಹಿಂತೆಗೆಯಬಹುದು. ಒಪ್ಪಿಗೆ ಕೇಳುವ ನೋಟೀಸು ನಮಗೆ ಬೇಕೆಂದರೆ ಕನ್ನಡದಲ್ಲೂ ಸಿಗಬೇಕು. ದೂರಿಗೆ ಕಂಪನಿ 90 ದಿನದೊಳಗೆ ಉತ್ತರಿಸಬೇಕು, ಅದು ಸರಿಹೋಗದಿದ್ದರೆ ಮಾತ್ರ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು. ನೇರವಾಗಿ ಹೋದರೆ ಮಂಡಳಿ ವಾಪಸು ಕಳಿಸುತ್ತದೆ.

ಈ ಕಾನೂನಿನಲ್ಲೂ ನಮಗೆ ಹಿತವಾಗದ ಎರಡು ಸಂಗತಿಗಳಿವೆ. ಸರ್ಕಾರ ಕೇಳಿದರೆ ಕೊಡಲು ಅನುಕೂಲವಾಗಲೆಂದು ವಿವರಗಳನ್ನೂ ಅವುಗಳ ಬಳಕೆಯ ದಾಖಲೆಗಳನ್ನೂ ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಎಂದು ಹೊಸ ನಿಯಮಗಳೇ ಹೇಳುತ್ತವೆ. ಅಂದರೆ ನಾಳೆ "ಎಂಟು ವರ್ಷ" ಎನ್ನುವ ಬದಲು "ಒಂದು ವರ್ಷ" ಎಂದು ಉತ್ತರ ಬರಬಹುದು, ಅದು ನ್ಯಾಯವಾದ ಉತ್ತರವೂ ಆಗಿರುತ್ತದೆ. ಇನ್ನೊಂದು, ಮಂಡಳಿ ವಿಧಿಸುವ ದಂಡ ಕೋಟಿಗಟ್ಟಲೆ ಇರಬಹುದು, ಆದರೆ ಅದು ಸರ್ಕಾರದ ಖಜಾನೆಗೆ. ನೊಂದ ಹೆಣ್ಣುಮಗಳ ಕೈಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಸೇವೆಯ ಲೋಪಕ್ಕೆ ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗದ ಬಾಗಿಲನ್ನೇ ತಟ್ಟಬೇಕು.

ಯಾವ ಕಾನೂನಿಗೂ ಸಿಗದ್ದು ಮತ್ತೊಂದಿದೆ. ಸದಸ್ಯತ್ವ ಇದ್ದ ಕಾಲದಲ್ಲಿ ಬೇರೆ ಸದಸ್ಯರು ತಮ್ಮ ಫೋನಿಗೆ ಇಳಿಸಿಕೊಂಡ ಫೋಟೋ, ನೆಂಟರ ವಾಟ್ಸಾಪ್ ಗುಂಪಿನಲ್ಲಿ ಗಿರಿಜಮ್ಮನೇ ಹಾಕಿದ ಬಯೋಡಾಟಾ, ಇವನ್ನು ಕಂಪನಿ ಅಳಿಸಲಾರದು. ಮುಂದಿನ ಮಗಳ ಪ್ರೊಫೈಲ್ ಮಾಡುವಾಗ ಫೋಟೋವನ್ನು ಕೇಳಿದವರಿಗೆ ಮಾತ್ರ ತೋರಿಸುವಂತೆ ಇಡುತ್ತೇನೆ, ಮನೆಯ ನಂಬರಿನ ಬದಲು ಬೇರೆ ಸಿಮ್ ಕೊಡುತ್ತೇನೆ ಎಂದು ಅವರೇ ಹೇಳಿದರು.

ಆ ನಡುವೆ ಕಂಪನಿಯಿಂದ ಒಂದು ಪ್ರೀತಿಯ ಪತ್ರವೂ ಬಂದಿತ್ತು. ಮದುವೆಯಾದ ಜೋಡಿಯ ಫೋಟೋ ಕಳಿಸಿ, ಯಶಸ್ವಿ ಜೋಡಿಗಳ ಪುಟದಲ್ಲಿ ಹಾಕುತ್ತೇವೆ, ಉಡುಗೊರೆಯೂ ಉಂಟು ಎಂದು. ಅದು ಬೇರೆಯೇ ಒಪ್ಪಿಗೆ, ಜಾಹೀರಾತಿಗಾಗಿ. ಕಳಿಸಿದವರು ಅದನ್ನೂ ಬೇರೆಯಾಗಿಯೇ ಹಿಂತೆಗೆಯಬೇಕಾಗುತ್ತದೆ. ಸೋದರತ್ತೆ ತಂದ ಸಂಬಂಧಕ್ಕೆ ಇವರ ಉಡುಗೊರೆ ಏಕೆ ಎಂದು ಮಗಳು ಸುಮ್ಮನಾದಳು.

ಗಿರಿಜಮ್ಮನ ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ನವೆಂಬರ್ 29ರ ಸುತ್ತ ಕೆಂಪು ಗುರುತಿತ್ತು. ಡಿಸೆಂಬರ್ ಮೊದಲ ವಾರ ಇಬ್ಬರೂ ಮತ್ತೆ ಕೂತು ಹಳೆಯ ಈಮೇಲು ಹಾಕಿ, ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದೆವು. ಮೊದಲಾದರೆ ಓ.ಟಿ.ಪಿ. ಬರುತ್ತಿತ್ತು. ಈ ಸಲ ಅಂಥ ಸದಸ್ಯರು ಯಾರೂ ಇಲ್ಲ ಎಂದು ಬಂತು. ಗಿರಿಜಮ್ಮ ಇನ್ನೊಮ್ಮೆ ಒತ್ತಿ ನೋಡಿ, ಅದೇ ಉತ್ತರ ಬಂದ ಮೇಲೆ ಕಾಫಿಗೆ ನೀರಿಡಲು ಎದ್ದರು.